ನೂರು ಮಹಿಳಾ-ವರ್ಷಕ್ಕೆ 5.83: ಗರ್ಭನಿರೋಧಕದ ಸೋಲನ್ನು ಲೆಕ್ಕ ಹಾಕುವುದು ಹೇಗೆ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಫೆಬ್ರವರಿಯಲ್ಲಿ ಟ್ವಿರ್ಲಾ ಎಂಬ ಗರ್ಭನಿರೋಧಕ ಪ್ಯಾಚ್‌ಗೆ ಒಪ್ಪಿಗೆ ಕೊಟ್ಟಿತು. ಚರ್ಮಕ್ಕೆ ಅಂಟಿಸಿಕೊಳ್ಳುವ ಈ ಪ್ಯಾಚ್‌ನಲ್ಲಿ ಗರ್ಭನಿರೋಧಕ ಗುಳಿಗೆಗಳಲ್ಲಿ ಇರುವಂಥದೇ ಎರಡು ಹಾರ್ಮೋನುಗಳಿವೆ. ವಾರಕ್ಕೊಂದರಂತೆ ಮೂರು ವಾರ ಹಚ್ಚಿಕೊಳ್ಳಬೇಕು, ನಾಲ್ಕನೆಯ ವಾರ ಬಿಡುವು. ‘ಸೆಕ್ಯೂರ್’ ಎಂಬ ಹೆಸರಿನ ಟ್ರಯಲ್‌ನಲ್ಲಿ ಇದು ಎಷ್ಟು ಸಲ ಸೋತಿತು ಎಂಬುದಕ್ಕೆ ಸಿಕ್ಕ ಉತ್ತರ ಒಂದೇ ಒಂದು ಸಂಖ್ಯೆ: ನೂರು ಮಹಿಳಾ-ವರ್ಷಕ್ಕೆ 5.83 ಗರ್ಭಧಾರಣೆ.

ವೈದ್ಯಕೀಯ ಕಾಲೇಜುಗಳ ಸ್ತ್ರೀರೋಗ ವಿಭಾಗಗಳಲ್ಲಿ ಜರ್ನಲ್ ಕ್ಲಬ್ ನಡೆಯುತ್ತದೆ. ಪಿ.ಜಿ. ವಿದ್ಯಾರ್ಥಿಯೊಬ್ಬರು ಒಂದು ಸಂಶೋಧನಾ ವರದಿಯನ್ನು ಓದಿಕೊಂಡು ಬಂದು ಎಲ್ಲರ ಮುಂದೆ ಮಂಡಿಸುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಇಂಥ ವರದಿ ಬಂದಾಗ ಹೆಚ್ಚಿನವರ ಕಣ್ಣು ನೆಡುವುದು ಎಷ್ಟು ಮಂದಿ ಗರ್ಭಿಣಿಯರಾದರು ಎಂಬುದರ ಮೇಲೆ. ಆದರೆ ಮೊದಲು ನೋಡಬೇಕಾದದ್ದು ಗೆರೆಯ ಕೆಳಗಿನ ಅಂಕಿಯನ್ನು, ಅಂದರೆ ಛೇದವನ್ನು. ಸೋಲಿನ ಪ್ರಮಾಣ ಏರುವುದೂ ಇಳಿಯುವುದೂ ಬಹುಮಟ್ಟಿಗೆ ಅಲ್ಲಿಯೇ.

68 ಗರ್ಭಧಾರಣೆ, 15,165 ಚಕ್ರ

ಒಬ್ಬ ಮಹಿಳೆ ಒಂದು ವರ್ಷ ಬಳಸಿದರೆ ಅದು ಒಂದು ಮಹಿಳಾ-ವರ್ಷ. ಇಬ್ಬರು ಆರಾರು ತಿಂಗಳು ಬಳಸಿದರೂ ಅಷ್ಟೇ. ಎಲ್ಲರೂ ಬಳಸಿದ ಕಾಲವನ್ನು ಹೀಗೆ ಕೂಡಿಸಿ, ಅದರಿಂದ ಗರ್ಭಧಾರಣೆಗಳ ಸಂಖ್ಯೆಯನ್ನು ಭಾಗಿಸಿ, ನೂರರಿಂದ ಗುಣಿಸಿದರೆ ಬರುವುದು ಪರ್ಲ್ ಸೂಚ್ಯಂಕ. ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್ 1930ರ ದಶಕದಲ್ಲಿ ಬಳಕೆಗೆ ತಂದ ಈ ಲೆಕ್ಕವೇ ಇಂದಿಗೂ ಔಷಧದ ಚೀಟಿಗಳ ಮೇಲೆ ಅಚ್ಚಾಗುತ್ತಿದೆ.

ಸೆಕ್ಯೂರ್ ಟ್ರಯಲ್‌ನಲ್ಲಿ 35 ವರ್ಷ ಮೀರದ ಮಹಿಳೆಯರಲ್ಲಿ 68 ಗರ್ಭಧಾರಣೆಗಳಾದವು. ಅವರೆಲ್ಲರ ಬಳಕೆಯನ್ನು 28 ದಿನಗಳ ಚಕ್ರಗಳಲ್ಲಿ ಎಣಿಸಿದಾಗ ಲೆಕ್ಕಕ್ಕೆ ಬಂದದ್ದು 15,165 ಚಕ್ರ. ವರ್ಷಕ್ಕೆ ಇಂಥ 13 ಚಕ್ರಗಳು. ಆದ್ದರಿಂದ ಸೂತ್ರ ಹೀಗೆ:

```
68 × 1300 ÷ 15165 = 5.83
```

ಎಣಿಕೆ ಚಕ್ರಗಳಲ್ಲಿದ್ದರೆ 1300, ಕ್ಯಾಲೆಂಡರ್ ತಿಂಗಳುಗಳಲ್ಲಿದ್ದರೆ 1200. ಚಕ್ರಗಳನ್ನು ತಿಂಗಳೆಂದು ಭಾವಿಸಿ 1200ರಿಂದ ಗುಣಿಸಿದರೆ ಇದೇ ಪ್ಯಾಚ್‌ನ ಸೋಲು 5.38ಕ್ಕೆ ಇಳಿದುಬಿಡುತ್ತದೆ. ಜರ್ನಲ್ ಕ್ಲಬ್ಬಿಗೆ ಬರುವವರು ಈ ಗುಣಾಕಾರವನ್ನು ತಾವೇ ಒಮ್ಮೆ ಮಾಡಿಕೊಂಡು ಬರಬೇಕು. ವರದಿಯ ಉತ್ತರಕ್ಕೂ ನಮ್ಮ ಉತ್ತರಕ್ಕೂ ತಾಳೆಯಾಗದಿದ್ದರೆ, ಹೇಳದೆ ಬಿಟ್ಟ ಯಾವುದೋ ಚಕ್ರಗಳು ಒಳಗೆ ಸೇರಿವೆ ಅಥವಾ ಹೊರಗೆ ಉಳಿದಿವೆ ಎಂದು ತಿಳಿಯಬೇಕು.

ಯಾವ ಚಕ್ರ ಲೆಕ್ಕಕ್ಕೆ ಸಲ್ಲುತ್ತದೆ? ಪ್ಯಾಚ್ ಹಚ್ಚಿಕೊಂಡಿದ್ದರೂ ಗಂಡ ಕಾಂಡೋಮ್ ಬಳಸಿದ್ದರೆ ಆ ಚಕ್ರದಲ್ಲಿ ಗರ್ಭ ನಿಲ್ಲದಿದ್ದುದಕ್ಕೆ ಪ್ಯಾಚೇ ಕಾರಣ ಎನ್ನುವಂತಿಲ್ಲ. ದಂಪತಿ ಸೇರದೇ ಇದ್ದ ಚಕ್ರದಲ್ಲಂತೂ ಪ್ಯಾಚ್‌ಗೆ ಪರೀಕ್ಷೆಯೇ ನಡೆದಿಲ್ಲ. ಈ ಟ್ರಯಲ್‌ನಲ್ಲಿ ಅಂಥ ಚಕ್ರಗಳನ್ನು ತೆಗೆದುಹಾಕಿದ್ದರು. ಇಂಥ ಇನ್ನೂ 3000 ಚಕ್ರಗಳಿದ್ದವು, ಅವನ್ನೂ ಛೇದಕ್ಕೆ ಸೇರಿಸಿದರು ಎಂದು ಊಹಿಸಿಕೊಳ್ಳಿ. ಗರ್ಭಧಾರಣೆ ಅದೇ 68, ಆದರೆ ಸೂಚ್ಯಂಕ 4.87. ಪ್ಯಾಚ್ ಒಂದಿಷ್ಟೂ ಬದಲಾಗದೆ ಫಲಿತಾಂಶ ಚೆನ್ನಾಗಿ ಕಾಣತೊಡಗುತ್ತದೆ. 35 ದಾಟಿದವರನ್ನು ಮುಖ್ಯ ಲೆಕ್ಕದಿಂದ ಹೊರಗಿಡುವುದಕ್ಕೂ ಇದೇ ಕಾರಣ. ವಯಸ್ಸಾದಂತೆ ಗರ್ಭ ಧರಿಸುವ ಸಾಧ್ಯತೆ ತಾನಾಗಿ ಕಡಿಮೆಯಾಗುತ್ತದೆ, ಆ ಶ್ರೇಯಸ್ಸು ಔಷಧಕ್ಕೆ ಸಲ್ಲಬಾರದು.

ಶೇಕಡಾ ಅಲ್ಲ

ಇನ್ನು ಪರ್ಲ್ ಸೂಚ್ಯಂಕದ ಸ್ವಂತ ದೋಷಕ್ಕೆ ಬರೋಣ. ನೋಡಲು ಇದು ಶೇಕಡಾವಾರು ಲೆಕ್ಕದಂತೆ ಕಾಣುತ್ತದೆ. ಆದರೆ ನೂರು ಮಂದಿ ಬಳಸಲು ಶುರುಮಾಡಿ, ನೂರಕ್ಕೆ ನೂರೂ ಮೊದಲ ತಿಂಗಳಲ್ಲೇ ಗರ್ಭಿಣಿಯರಾದರೆ ಒಟ್ಟು ಬಳಕೆ ನೂರು ತಿಂಗಳು ಮಾತ್ರ. ಸೂಚ್ಯಂಕ 1200! ನೂರನ್ನು ದಾಟುವ ಶೇಕಡಾ ಇರುವುದಿಲ್ಲವಲ್ಲ. ಇದು ಒಂದು ವೇಗ. ಅದೂ ತಿಂಗಳು ತಿಂಗಳಿಗೂ ವೇಗ ಒಂದೇ ಇರುತ್ತದೆ ಎಂದು ನಂಬಿಕೊಂಡು ತೆಗೆದ ಸರಾಸರಿ.

ನಿಜದಲ್ಲಿ ವೇಗ ಒಂದೇ ಇರುವುದಿಲ್ಲ. ಟ್ರಯಲ್ ಎಂಬುದು ಜರಡಿಯ ಹಾಗೆ. ಬೇಗ ಗರ್ಭ ಕಟ್ಟುವವರು, ಬಳಕೆಯಲ್ಲಿ ಆಗಾಗ ತಪ್ಪುವವರು ಮೊದಲ ತಿಂಗಳುಗಳಲ್ಲೇ ಗರ್ಭಿಣಿಯರಾಗಿ ಹೊರಬೀಳುತ್ತಾರೆ. ಉಳಿಯುವವರು ಶಿಸ್ತಿನಿಂದ ಬಳಸುವವರು, ಇಲ್ಲವೇ ಸುಲಭವಾಗಿ ಗರ್ಭ ನಿಲ್ಲದವರು. ಹಾಗಾಗಿ ಟ್ರಯಲ್ ಉದ್ದವಾದಷ್ಟೂ ಗರ್ಭ ನಿಲ್ಲದ ತಿಂಗಳುಗಳು ಛೇದಕ್ಕೆ ಬಂದು ಸೇರುತ್ತವೆ, ಸೂಚ್ಯಂಕ ಇಳಿಯುತ್ತ ಹೋಗುತ್ತದೆ.

ಲೈಫ್ ಟೇಬಲ್ ಮಾಡುವ ಕೆಲಸ

ಇದಕ್ಕೆ ಪರಿಹಾರವಾಗಿ ಬಂದದ್ದು ಲೈಫ್ ಟೇಬಲ್. ಜೀವವಿಮೆಯವರು ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಸಾಯುತ್ತಾರೆಂದು ಲೆಕ್ಕ ಹಾಕಲು ಬಳಸುತ್ತಿದ್ದ ಕೋಷ್ಟಕವೇ ಇದು. 1960ರ ದಶಕದಲ್ಲಿ ರಾಬರ್ಟ್ ಪಾಟರ್, ಕ್ರಿಸ್ಟೋಫರ್ ಟೀಟ್ಸೆ ಮೊದಲಾದವರು ಇದನ್ನು ಗರ್ಭನಿರೋಧಕಗಳಿಗೆ, ಅದರಲ್ಲೂ ವಂಕಿಯ ಅಧ್ಯಯನಗಳಿಗೆ ಅಳವಡಿಸಿದರು.

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಟ್ರಯಲ್ ತೆಗೆದುಕೊಳ್ಳೋಣ. 1000 ಮಹಿಳೆಯರು ಸೇರುತ್ತಾರೆ. ಮೊದಲ ಮೂರು ತಿಂಗಳಲ್ಲಿ 200 ಮಂದಿ ಬಿಟ್ಟುಹೋಗುತ್ತಾರೆ, 27 ಮಂದಿ ಗರ್ಭಿಣಿಯರಾಗುತ್ತಾರೆ. ಬಿಟ್ಟವರು ಯಾವಾಗ ಬಿಟ್ಟರೆಂದು ಒಬ್ಬೊಬ್ಬರದಾಗಿ ಹಿಡಿಯುವ ಬದಲು, ಸರಾಸರಿ ಅರ್ಧ ಅವಧಿ ಇದ್ದರು ಎಂದು ಎಣಿಸುತ್ತಾರೆ. ಅಂದರೆ 200ರಲ್ಲಿ ಅರ್ಧ ಕಳೆದು, ಗರ್ಭಧಾರಣೆಯ ಸಾಧ್ಯತೆಗೆ ಒಳಗಾಗಿದ್ದವರು 900. ಅವರಲ್ಲಿ 27 ಎಂದರೆ ಶೇ. 3. ಉಳಿದವರು 773.

ಎರಡನೆಯ ಮೂರು ತಿಂಗಳಲ್ಲಿ 146 ಮಂದಿ ಬಿಡುತ್ತಾರೆ, 14 ಮಂದಿ ಗರ್ಭಿಣಿಯರಾಗುತ್ತಾರೆ. ಅದೇ ಲೆಕ್ಕದಲ್ಲಿ 700ಕ್ಕೆ 14, ಶೇ. 2. ಮೂರನೆಯದರಲ್ಲಿ 600ಕ್ಕೆ 6, ನಾಲ್ಕನೆಯದರಲ್ಲಿ 500ಕ್ಕೆ 5, ಎರಡೂ ಶೇ. 1 ಎಂದಿಟ್ಟುಕೊಳ್ಳಿ. ಇವನ್ನು ಕೂಡಿಸುವಂತಿಲ್ಲ. ಪ್ರತಿ ಅವಧಿಯಲ್ಲೂ ಗರ್ಭ ನಿಲ್ಲದೆ ದಾಟಿದವರ ಪಾಲನ್ನು ಗುಣಿಸುತ್ತ ಹೋಗಬೇಕು:

```
0.97 × 0.98 × 0.99 × 0.99 = 0.932
1 − 0.932 = 0.068
```

ಒಂದು ವರ್ಷದೊಳಗೆ ಗರ್ಭ ನಿಲ್ಲುವ ಸಾಧ್ಯತೆ ಶೇ. 6.8.

ಈಗ ಇದೇ ಟ್ರಯಲ್ಲನ್ನು ಬೇರೆ ಬಗೆಯಲ್ಲಿ ಎಣಿಸೋಣ. ಸೇರಿದವರು 1000, ಗರ್ಭಿಣಿಯರಾದವರು ಒಟ್ಟು 52, ಆದ್ದರಿಂದ ಸೋಲು ಶೇ. 5.2 ಎಂದುಬಿಟ್ಟರೆ ಎರಡೇ ತಿಂಗಳಲ್ಲಿ ಬಿಟ್ಟುಹೋದವರೂ ವರ್ಷವಿಡೀ ಗರ್ಭ ನಿಲ್ಲದೆ ಬಳಸಿದರು ಎಂದಂತಾಯಿತು. ಇದು ಅನ್ಯಾಯದ ಲೆಕ್ಕ. ಪರ್ಲ್ ಸೂಚ್ಯಂಕ ತೆಗೆದರೆ ಮೊದಲ ಮೂರು ತಿಂಗಳಿಗೆ ಸುಮಾರು 12, ಇಡೀ ವರ್ಷಕ್ಕೆ 7.8. ಎರಡನೆಯ ವರ್ಷವೂ ಟ್ರಯಲ್ ಮುಂದುವರಿದು, ಉಳಿದ 414 ಮಂದಿಯಲ್ಲಿ 100 ಮಂದಿ ಬಿಟ್ಟು 6 ಮಂದಿ ಮಾತ್ರ ಗರ್ಭಿಣಿಯರಾದರೆ ಸೂಚ್ಯಂಕ 5.6ಕ್ಕೆ ಬರುತ್ತದೆ. ಅದೇ ಔಷಧ, ಅದೇ ಮಹಿಳೆಯರು! ಲೈಫ್ ಟೇಬಲ್ ಹೀಗೆ ಜಾರುವುದಿಲ್ಲ. ಮೂರು ತಿಂಗಳಿಗೆ ಶೇ. 3, ವರ್ಷಕ್ಕೆ ಶೇ. 6.8, ಎರಡು ವರ್ಷಕ್ಕೆ ಶೇ. 8.4 ಎಂದು ಅವಧಿಯನ್ನು ಜೊತೆಗಿಟ್ಟುಕೊಂಡೇ ಹೇಳುತ್ತದೆ. ಆರು ತಿಂಗಳ ಟ್ರಯಲ್‌ನ ಪರ್ಲ್ ಸೂಚ್ಯಂಕವನ್ನು ಎರಡು ವರ್ಷದ ಇನ್ನೊಂದರ ಪಕ್ಕಕ್ಕಿಟ್ಟು ಯಾವುದು ಮೇಲು ಎನ್ನಬಾರದು ಎಂಬುದು ಇದರಿಂದಲೇ ಸ್ಪಷ್ಟ.

ಬಿಟ್ಟುಹೋದವರು ಯಾರು?

ಲೈಫ್ ಟೇಬಲ್‌ಗೂ ಒಂದು ಮಿತಿಯಿದೆ. ಬಿಟ್ಟುಹೋದವರು ಒಂದು ವೇಳೆ ಮುಂದುವರಿದಿದ್ದರೆ ಉಳಿದವರಂತೆಯೇ ಇರುತ್ತಿದ್ದರು ಎಂದು ಅದು ನಂಬುತ್ತದೆ. ಊರು ಬದಲಾಯಿಸಿದ್ದಕ್ಕೆ ಬಿಟ್ಟವರ ಮಟ್ಟಿಗೆ ಇದು ಸರಿ. ಮುಟ್ಟು ತಪ್ಪಿದ್ದು ತಿಳಿದು, ಮತ್ತೆ ಆಸ್ಪತ್ರೆಯ ಕಡೆ ಬಾರದೇ ಇದ್ದವರ ವಿಷಯದಲ್ಲಿ ಇದು ಪೂರಾ ತಪ್ಪು. ಸೆಕ್ಯೂರ್ ಟ್ರಯಲ್‌ಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು, ಅರ್ಧದಷ್ಟು ಮಂದಿ ವರ್ಷ ತುಂಬುವ ಮೊದಲೇ ಹೊರಬಂದರು. ಇಂಥ ವರದಿಯಲ್ಲಿ ಹೊರಬಂದವರ ಕಾರಣಗಳ ಪಟ್ಟಿಯನ್ನು ಗರ್ಭಧಾರಣೆಗಳ ಪಟ್ಟಿಯಷ್ಟೇ ಗಮನ ಕೊಟ್ಟು ಓದಬೇಕು. ಸಂಪರ್ಕ ತಪ್ಪಿದವರ ಸಂಖ್ಯೆ ಗರ್ಭಿಣಿಯರಾದವರ ಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚಿದ್ದರೆ, ಅವರಲ್ಲಿ ಕೆಲವರು ಗರ್ಭಿಣಿಯರಾಗಿದ್ದರೂ ಫಲಿತಾಂಶ ಬದಲಾಗುತ್ತದೆ. ಹೊರಬಂದ ಮೇಲೂ ಗರ್ಭಪರೀಕ್ಷೆ ಮಾಡಿದ್ದಾರೆಯೇ ಎಂದು ನೋಡಿದರೆ ಅನುಮಾನ ಎಷ್ಟೆಂಬುದು ಗೊತ್ತಾಗುತ್ತದೆ.

ಹಳೆಯ ಟ್ರಯಲ್‌ಗಳೊಂದಿಗೆ ಹೋಲಿಸುವಾಗಲೂ ಎಚ್ಚರ ಬೇಕು. ಒಂದೇ ಬಗೆಯ ಗುಳಿಗೆಗಳ ಪರ್ಲ್ ಸೂಚ್ಯಂಕ ದಶಕದಿಂದ ದಶಕಕ್ಕೆ ಏರುತ್ತ ಬಂದದ್ದನ್ನು ಜೇಮ್ಸ್ ಟ್ರಸೆಲ್ ಮತ್ತು ಡೇವಿಡ್ ಪೋರ್ಟ್‌ಮನ್ 2013ರಲ್ಲಿ ಚರ್ಚಿಸಿದ್ದರು. ಗುಳಿಗೆಗಳು ಕೆಟ್ಟವು ಎಂದು ಇದರ ಅರ್ಥವಲ್ಲ. ಈಗಿನ ಪರೀಕ್ಷೆಗಳು ಸೂಕ್ಷ್ಮ, ಅವನ್ನು ಮೇಲಿಂದ ಮೇಲೆ ಮಾಡುತ್ತಾರೆ. ಆದ್ದರಿಂದ ಹಿಂದೆ ತಡವಾದ ಮುಟ್ಟು ಎಂದು ಕಳೆದುಹೋಗುತ್ತಿದ್ದ ಗರ್ಭಗಳೂ ಈಗ ಎಣಿಕೆಗೆ ಸಿಗುತ್ತವೆ. ಟ್ರಯಲ್‌ಗೆ ಸೇರುವವರೂ ಮೊದಲಿನಷ್ಟು ಆಯ್ದವರಲ್ಲ.

ಒಂದು ಸರಾಸರಿ, ಮೂರು ಸತ್ಯ

ಟ್ವಿರ್ಲಾ ವರದಿಯಲ್ಲಿ ಅತಿ ಮುಖ್ಯವಾದ ಮಾಹಿತಿ ಇದ್ದದ್ದು 5.83ರಲ್ಲಲ್ಲ, ಅದನ್ನು ಒಡೆದು ತೋರಿಸಿದ ಸಾಲುಗಳಲ್ಲಿ. ಈ ಟ್ರಯಲ್‌ಗೆ ದಪ್ಪ ಮೈಯವರನ್ನೂ ಸೇರಿಸಿಕೊಂಡಿದ್ದರು. ದೇಹತೂಕ ಸೂಚಿ ಅಂದರೆ ಬಿಎಂಐ 25ಕ್ಕಿಂತ ಕಡಿಮೆ ಇದ್ದವರಲ್ಲಿ ಪರ್ಲ್ ಸೂಚ್ಯಂಕ ಸುಮಾರು 3.5, 25ರಿಂದ 30ರೊಳಗಿನವರಲ್ಲಿ 5.7, 30 ಮತ್ತು ಅದಕ್ಕೂ ಮೇಲಿನವರಲ್ಲಿ 8.6. ಮೈತೂಕ ಏರಿದಂತೆ ಸೋಲೂ ಏರಿದೆ. 160 ಸೆಂ.ಮೀ. ಎತ್ತರದ ಮಹಿಳೆಗೆ ಬಿಎಂಐ 30 ಎಂದರೆ ಸುಮಾರು 77 ಕೆ.ಜಿ. ತೂಕ. ಈ ಮಟ್ಟದವರು ಈ ಪ್ಯಾಚ್ ಬಳಸಲೇಬಾರದು ಎಂದು ಎಫ್‌ಡಿಎ ಚೀಟಿಯಲ್ಲಿ ಬರೆಸಿತು. ಸೋಲಿನ ಜೊತೆಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಇವರಲ್ಲಿ ಹೆಚ್ಚು. 25ರಿಂದ 30ರೊಳಗಿನವರಿಗೆ ಪರಿಣಾಮ ಕಡಿಮೆ ಎಂಬ ಎಚ್ಚರಿಕೆ ಕೊಟ್ಟಿತು.

ಇಡೀ ಸೂಚ್ಯಂಕಕ್ಕೂ ಒಂದು ವ್ಯಾಪ್ತಿಯಿದೆ: 4.45ರಿಂದ 7.21. 68 ಎಂಬ ಎಣಿಕೆಯಲ್ಲಿ ಆಕಸ್ಮಿಕದ ಪಾಲೂ ಇರುವುದರಿಂದ ನಿಜವಾದ ದರ ಈ ಎರಡರ ನಡುವೆ ಎಲ್ಲಿಯಾದರೂ ಇರಬಹುದು. ಗುಂಪನ್ನು ತೂಕದ ಪ್ರಕಾರ ಒಡೆದಾಗ ಪ್ರತಿ ತುಂಡಿನಲ್ಲೂ ಗರ್ಭಧಾರಣೆಗಳು ಕಡಿಮೆಯಾಗಿ, ಈ ವ್ಯಾಪ್ತಿ ಇನ್ನಷ್ಟು ಅಗಲವಾಗುತ್ತದೆ. ಹಾಗಿದ್ದರೂ ಮೂರೂ ಗುಂಪುಗಳು ಒಂದೇ ದಿಕ್ಕಿಗೆ ಏರಿರುವುದನ್ನು ತಳ್ಳಿಹಾಕುವಂತಿಲ್ಲ.

ಹೊರರೋಗಿ ವಿಭಾಗದಲ್ಲಿ “ಡಾಕ್ಟ್ರೇ, ಇದು ಎಷ್ಟು ಗ್ಯಾರಂಟಿ?” ಎಂದು ಕೇಳುವವರಿಗೆ ಮಹಿಳಾ-ವರ್ಷದ ಮಾತು ಬೇಡ. “ನಿಮ್ಮ ತೂಕದ ನೂರು ಮಂದಿ ಇದನ್ನು ಒಂದು ವರ್ಷ ಬಳಸಿದರೆ ಇಷ್ಟು ಮಂದಿಗೆ ಗರ್ಭ ನಿಲ್ಲಬಹುದಮ್ಮಾ” ಎಂಬ ಉತ್ತರ ಅವರಿಗೆ ಬೇಕು. ಆ ‘ಇಷ್ಟು’ ಎಂಬ ಜಾಗಕ್ಕೆ ತುಂಬಬೇಕಾದದ್ದು ಒಂದು ವರ್ಷದ ಲೈಫ್ ಟೇಬಲ್ ಅಂಕಿ, ಅದೂ ಅವರಂಥವರ ಗುಂಪಿನದು. ವರದಿಯಲ್ಲಿ ಪರ್ಲ್ ಸೂಚ್ಯಂಕ ಮಾತ್ರ ಇದ್ದರೆ, ಅದು ಎಷ್ಟು ತಿಂಗಳ ಬಳಕೆಯಿಂದ ಬಂದದ್ದು, ಎಷ್ಟು ಮಂದಿ ಕೊನೆಯವರೆಗೆ ಉಳಿದಿದ್ದರು ಎಂದು ನೋಡಿಕೊಂಡ ಮೇಲೆಯೇ ಉತ್ತರ ಕೊಡಬೇಕು.