ಜಗಳೂರಿನ ಮೆಕ್ಕೆಜೋಳಕ್ಕೂ ಕೊಲಂಬೊದ ಟ್ರಾಫಿಕ್ ಜಾಮಿಗೂ ಏನು ಸಂಬಂಧ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲೂಕುಗಳಿಂದ ಬಂದವರು ನಮ್ಮ ಕ್ಯಾಂಪಸ್ಸಿನಲ್ಲೂ ಇದ್ದಾರೆ. ಅವರಿಗೆ ಮೆಕ್ಕೆಜೋಳದ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಚನ್ನಗಿರಿ ಅಂದರೆ ಮೊದಲು ಅಡಿಕೆ ನೆನಪಾಗುತ್ತೆ, ನಿಜ. ಆದರೆ ದಾವಣಗೆರೆ ಜಿಲ್ಲೆಯ ಮಳೆ ಆಶ್ರಯದ ಹೊಲಗಳಲ್ಲಿ, ಅದರಲ್ಲೂ ಜಗಳೂರಿನ ಕಡೆ, ಮುಂಗಾರಿನ ದೊಡ್ಡ ಬೆಳೆ ಮೆಕ್ಕೆಜೋಳವೇ. ಅದರ ರೇಟು ದಾವಣಗೆರೆ ಎಪಿಎಂಸಿಯಲ್ಲಿ ತೀರ್ಮಾನವಾಗುತ್ತೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆ ರೇಟಿನ ಒಂದು ಭಾಗ ಸಮುದ್ರದ ಮೇಲೆ ತೀರ್ಮಾನವಾಗುತ್ತೆ. ಈ ಲೇಖನ ಆ ಭಾಗದ್ದು.

2021-22ರಲ್ಲಿ ಭಾರತ 36 ಲಕ್ಷ ಟನ್ನಿಗೂ ಹೆಚ್ಚು ಮೆಕ್ಕೆಜೋಳ ರಫ್ತು ಮಾಡಿತು. ಬಾಂಗ್ಲಾದೇಶ, ನೇಪಾಳಕ್ಕೆ ರೈಲು, ಲಾರಿಗಳಲ್ಲೂ ಹೋಗುತ್ತೆ. ವಿಯೆಟ್ನಾಂ, ಮಲೇಷ್ಯಾದ ಕೋಳಿ ಆಹಾರದ ಕಾರ್ಖಾನೆಗಳಿಗೆ ಹೋಗಬೇಕಾದರೆ ಹಡಗೇ ಗತಿ. ಚೀಲ ತುಂಬಿದ ಇಪ್ಪತ್ತು ಅಡಿ ಕಂಟೇನರಿನಲ್ಲಿ ಸುಮಾರು 24 ಟನ್, ಅಂದರೆ 240 ಕ್ವಿಂಟಲ್ ಹಿಡಿಯುತ್ತೆ ಅಂತ ಇಟ್ಟುಕೊಳ್ಳೋಣ. ಮೊಬೈಲ್ ಫೋನು ತುಂಬಿದ ಕಂಟೇನರಿಗೆ ನೂರು ಡಾಲರ್ ಹೆಚ್ಚಾದರೆ ಯಾರಿಗೂ ಗೊತ್ತೇ ಆಗಲ್ಲ. ಜೋಳದ ಕಂಟೇನರಿಗೆ ಹಾಗಲ್ಲ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ ನೂರು ಡಾಲರ್ ಅಂದರೆ 8,500 ರೂಪಾಯಿ. ಅದನ್ನು 240 ಕ್ವಿಂಟಲ್‌ಗೆ ಹಂಚಿ ನೋಡಿ: ಕ್ವಿಂಟಲ್‌ಗೆ ಸುಮಾರು 35 ರೂಪಾಯಿ. ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಹಣ ಯಾರ ಜೇಬಿನಿಂದ ಹೋಗುತ್ತೆ? ವಿಯೆಟ್ನಾಂನ ಖರೀದಿದಾರ ಸಾಮಾನ್ಯವಾಗಿ "ನನ್ನ ಬಂದರಿಗೆ ತಲುಪಿಸಿದರೆ ಟನ್ನಿಗೆ ಇಷ್ಟು" ಅಂತ ರೇಟು ಹೇಳ್ತಾನೆ. ಅವನ ಮುಂದೆ ಬ್ರೆಜಿಲ್, ಅರ್ಜೆಂಟೀನಾದ ಜೋಳವೂ ಇರುತ್ತೆ. ಹಾಗಾಗಿ ನಮ್ಮ ರಫ್ತುದಾರ "ಹಡಗಿನ ಬಾಡಿಗೆ ಜಾಸ್ತಿಯಾಯ್ತು, ನೀವೂ ಜಾಸ್ತಿ ಕೊಡಿ" ಅನ್ನುವ ಹಾಗಿಲ್ಲ. ಅವನು ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಅಲ್ಲಿನ ಬೆಲೆಯಿಂದ ಹಡಗಿನ ಬಾಡಿಗೆ ಕಳೆ, ಬಂದರಿನ ಖರ್ಚು ಕಳೆ, ಲಾರಿ ಬಾಡಿಗೆ, ಚೀಲ, ಹಮಾಲಿ, ತನ್ನ ಲಾಭ ಎಲ್ಲ ಕಳೆ. ಉಳಿದದ್ದೇ ಅವನು ಎಪಿಎಂಸಿಯಲ್ಲಿ ಕೂಗಬಹುದಾದ ಗರಿಷ್ಠ ರೇಟು.

ಈಗ ಹಡಗಿನ ಬಾಡಿಗೆಯನ್ನೇ ಬಿಡಿಸಿ ನೋಡೋಣ. ಲೈನರ್ ಕಂಪನಿ ಕೊಡುವ ಕೊಟೇಶನ್ನಿನಲ್ಲಿ ಮೂಲ ಬಾಡಿಗೆಯ ಕೆಳಗೆ ಸಾಲಾಗಿ ಸರ್‌ಚಾರ್ಜ್‌ಗಳಿರುತ್ತವೆ. ಅವುಗಳಲ್ಲಿ ಎರಡನ್ನು ಮಾತ್ರ ನೋಡಿದರೆ ಉಳಿದವುಗಳ ಲಾಜಿಕ್ ತಾನಾಗಿ ಅರ್ಥವಾಗುತ್ತೆ.

ಮೊದಲನೆಯದು ಬಂಕರ್ ಅಡ್ಜಸ್ಟ್‌ಮೆಂಟ್ ಫ್ಯಾಕ್ಟರ್, ಚಿಕ್ಕದಾಗಿ ಬಿಎಎಫ್. ಹಡಗಿನ ಇಂಧನಕ್ಕೆ ಬಂಕರ್ ಅಂತ ಹೆಸರು, ಕಲ್ಲಿದ್ದಲು ತುಂಬಿಡುತ್ತಿದ್ದ ಉಗ್ರಾಣದ ಕಾಲದಿಂದ ಉಳಿದುಕೊಂಡ ಪದ. ಇಂಧನದ ಬೆಲೆ ಏರಿಳಿತವನ್ನು ಗ್ರಾಹಕನಿಗೆ ದಾಟಿಸುವುದು ಬಿಎಎಫ್ ಕೆಲಸ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕ ಶೇ. 0.5ಕ್ಕಿಂತ ಹೆಚ್ಚಿರಬಾರದು ಅಂತ ಅಂತರರಾಷ್ಟ್ರೀಯ ನಿಯಮ ಬಂತು. ಮೊದಲು ಶೇ. 3.5ರವರೆಗೆ ಅವಕಾಶವಿತ್ತು. ಕಡಿಮೆ ಗಂಧಕದ ಎಣ್ಣೆ ದುಬಾರಿ. ಹಾಗಾಗಿ ಆ ನಿಯಮಕ್ಕೆ ಮುಂಚೆಯೇ ಕಂಪನಿಗಳು ಬಿಎಎಫ್ ಸೂತ್ರಗಳನ್ನು ಹೊಸದಾಗಿ ಬರೆದವು. ಮಾರ್ಸ್ಕ್ ಕಂಪನಿ 2018ರಲ್ಲಿ ಪ್ರಕಟಿಸಿದ ಸೂತ್ರ ನಮ್ಮಂಥವರಿಗೂ ಅರ್ಥವಾಗುವಷ್ಟು ಸರಳ:

ಬಿಎಎಫ್ = ಇಂಧನದ ಬೆಲೆ × ಟ್ರೇಡ್ ಫ್ಯಾಕ್ಟರ್

ಟ್ರೇಡ್ ಫ್ಯಾಕ್ಟರ್ ಅಂದರೆ ಆ ಮಾರ್ಗದಲ್ಲಿ ಒಂದು ಕಂಟೇನರ್ ಸಾಗಿಸಲು ಸರಾಸರಿ ಎಷ್ಟು ಟನ್ ಎಣ್ಣೆ ಬೇಕು ಅನ್ನುವ ಅಂದಾಜು. ಪ್ರಯಾಣದ ದಿನಗಳು, ಹಡಗಿನ ಇಂಧನ ಕ್ಷಮತೆ ಇದರೊಳಗೆ ಬರುತ್ತವೆ. ಜೊತೆಗೆ, ಹೋಗುವಾಗ ತುಂಬಿ ಬರುವಾಗ ಖಾಲಿ ಬರುವ ಅಸಮತೋಲನವೂ ಸೇರುತ್ತೆ. ನಮ್ಮ ಮಾರ್ಗಕ್ಕೆ ಇದು 0.15 ಅಂತ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎಣ್ಣೆ ಟನ್ನಿಗೆ 600 ಡಾಲರ್ ಇದ್ದರೆ ಬಿಎಎಫ್ 90 ಡಾಲರ್. 700 ಆದರೆ 105. 2022ರ ಮಧ್ಯದಲ್ಲಿ ಸಿಂಗಾಪುರದಲ್ಲಿ ಈ ಎಣ್ಣೆ ಸಾವಿರ ಡಾಲರ್ ದಾಟಿತ್ತು, ಆ ಬೆಲೆಗೆ 150.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಬಿಎಎಫ್ ಅನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಹಿಂದಿನ ಅವಧಿಯ ಸರಾಸರಿ ಬೆಲೆ ನೋಡಿ ಬದಲಿಸುತ್ತಾರೆ. ಸಿಗ್ನಲ್ಸ್ ಕ್ಲಾಸಿನ ಭಾಷೆಯಲ್ಲಿ ಹೇಳಬೇಕಂದರೆ, ಇದು ಡಿಲೇ ಇರುವ ಮೂವಿಂಗ್ ಆವರೇಜ್ ಫಿಲ್ಟರ್. ಹಾಗಾಗಿ ಎಣ್ಣೆ ಬೆಲೆ ಇವತ್ತು ಬಿದ್ದರೂ ಬಿಎಎಫ್ ಸ್ವಲ್ಪ ದಿನ ಮೇಲೆಯೇ ಇರುತ್ತೆ. ಅದು ಮೋಸವೇನಲ್ಲ, ಏರುವಾಗಲೂ ಅಷ್ಟೇ ತಡವಾಗಿ ಏರುತ್ತೆ. ಎರಡು ತ್ರೈಮಾಸಿಕ ಕಳೆದರೂ ಇಳಿಯದಿದ್ದರೆ ಮಾತ್ರ ಪ್ರಶ್ನೆ ಕೇಳಬೇಕು.

ಎರಡನೆಯದು ಕಂಜೆಶನ್ ಸರ್‌ಚಾರ್ಜ್. ಬಂದರಿನಲ್ಲಿ ಜಾಗವಿಲ್ಲದೆ ಹಡಗು ಹೊರಗೆ ಲಂಗರು ಹಾಕಿ ಕಾದರೆ ಆ ದಿನಗಳ ಖರ್ಚು. ನಮ್ಮ ಕಡೆಯ ಸರಕಿಗೆ ಮಂಗಳೂರು ಹತ್ತಿರದ ಬಂದರು. ಅಲ್ಲಿಂದ ಕಂಟೇನರ್‌ಗಳನ್ನು ಚಿಕ್ಕ ಫೀಡರ್ ಹಡಗಿನಲ್ಲಿ ಕೊಲಂಬೊಗೆ ಒಯ್ದು, ದೊಡ್ಡ ಹಡಗಿಗೆ ಬದಲಾಯಿಸುವುದುಂಟು. ಅಂದಮೇಲೆ ಮಂಗಳೂರು ಖಾಲಿಯಿದ್ದರೂ ಕೊಲಂಬೊ ತುಂಬಿದ್ದರೆ ನಮಗೆ ಬಿಸಿ ತಟ್ಟುತ್ತೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಹಾಗೇ ಆಯ್ತು. ಯುರೋಪಿನ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೊರಟವು, ಕಂಪನಿಗಳು ಕೊಲಂಬೊದಲ್ಲಿ ಹೆಚ್ಚು ಸರಕು ಇಳಿಸಿ ಹತ್ತಿಸತೊಡಗಿದವು, ಅಲ್ಲಿ ದಟ್ಟಣೆ ಹೆಚ್ಚಾಯಿತು. ಯುರೋಪಿಗೂ ಜೋಳಕ್ಕೂ ಸಂಬಂಧ ಇಲ್ಲದಿದ್ದರೂ ಕ್ರೇನು ಒಂದೇ ಅಲ್ವಾ?

ಈ ಸರ್‌ಚಾರ್ಜ್ ನ್ಯಾಯವಾದದ್ದೇ ಅಂತ ಒಂದು ಕಚ್ಚಾ ಲೆಕ್ಕದಿಂದ ನೋಡಬಹುದು. ಸಾವಿರ ಕಂಟೇನರ್ ಹೊತ್ತ ಫೀಡರ್ ಹಡಗಿನ ದಿನದ ಖರ್ಚು 20,000 ಡಾಲರ್ ಅಂತ ಹಿಡಿಯಿರಿ. ಐದು ದಿನ ಕಾದರೆ ಒಂದು ಲಕ್ಷ ಡಾಲರ್, ತಲೆಗೆ ನೂರು. ಕಾಯುವುದು ಒಂದು ದಿನಕ್ಕೆ ಇಳಿದ ಮೇಲೂ ನೂರೇ ಕೇಳುತ್ತಿದ್ದರೆ ಅದು ಕಾಯುವ ಖರ್ಚಲ್ಲ, ಬೇರೆ ಹೆಸರಿನ ಬಾಡಿಗೆ ಏರಿಕೆ.

ಇನ್ನು ಸ್ಪಾಟ್ ಮತ್ತು ಕಾಂಟ್ರಾಕ್ಟ್ ರೇಟಿನ ವಿಷಯಕ್ಕೆ ಬರೋಣ. ಸ್ಪಾಟ್ ಅಂದರೆ ಈ ವಾರದ ಹಡಗಿಗೆ ಈ ವಾರದ ರೇಟು. ಕಾಂಟ್ರಾಕ್ಟ್ ಅಂದರೆ ಕೆಲವು ತಿಂಗಳು ಅಥವಾ ಒಂದು ವರ್ಷಕ್ಕೆ, ಇಷ್ಟು ಕಂಟೇನರ್ ಕೊಡ್ತೀವಿ ಅನ್ನುವ ಮಾತಿನ ಮೇಲೆ ನಿಗದಿಯಾದ ರೇಟು. ಎರಡನ್ನು ಹೋಲಿಸುವಾಗ ಆಗುವ ಎಡವಟ್ಟು ಇಲ್ಲೇ. ಸ್ಪಾಟ್ ರೇಟು ಬಹಳ ಸಲ ಎಲ್ಲ ಸೇರಿದ ಒಂದೇ ಮೊತ್ತವಾಗಿರುತ್ತೆ. ಕಾಂಟ್ರಾಕ್ಟಿನಲ್ಲಿ ಮೂಲ ಬಾಡಿಗೆ ಒಂದು ಕಡೆ, ಸರ್‌ಚಾರ್ಜ್‌ಗಳು ಇನ್ನೊಂದು ಕಡೆ ಇರುತ್ತವೆ.

ನಮ್ಮ ಜೋಳಕ್ಕೆ ಕಾಂಟ್ರಾಕ್ಟ್ ಮೂಲ ಬಾಡಿಗೆ 420 ಡಾಲರ್, ಸ್ಪಾಟ್ 560 ಡಾಲರ್ ಅಂತ ಊಹಿಸಿಕೊಳ್ಳಿ. ಬಂದರಿನ ಖರ್ಚು ಎರಡಕ್ಕೂ ಒಂದೇ, ಬಿಟ್ಟುಬಿಡೋಣ. ನೋಡಿದ ತಕ್ಷಣ ಕಾಂಟ್ರಾಕ್ಟ್ 140 ಡಾಲರ್ ಅಗ್ಗ. ಆದರೆ ಅದಕ್ಕೆ ಬಿಎಎಫ್ 105 ಸೇರಿಸಿದರೆ 525. ವ್ಯತ್ಯಾಸ 35ಕ್ಕೆ ಇಳಿಯಿತು. ಈಗ ಒಪ್ಪಂದದ ಕೆಳಗಿನ ಸಣ್ಣ ಅಕ್ಷರ ಓದಬೇಕು. "ಸಾಗಣೆಯ ದಿನ ಜಾರಿಯಲ್ಲಿರುವ ಇತರ ಸರ್‌ಚಾರ್ಜ್‌ಗಳು ಪ್ರತ್ಯೇಕ" ಅಂತ ಇದ್ದರೆ, ಕೊಲಂಬೊ ಜಾಮಾದ ವಾರ ನೂರು ಡಾಲರ್ ಸೇರಿ 625 ಆಗುತ್ತೆ. ಸ್ಪಾಟ್ 560ರಲ್ಲೇ ಇದ್ದರೆ ಅದೇ ಅಗ್ಗ! ಕ್ವಿಂಟಲ್ ಲೆಕ್ಕದಲ್ಲಿ ಹೇಳುವುದಾದರೆ 525 ಅಂದರೆ 186 ರೂಪಾಯಿ, 560 ಅಂದರೆ 198, 625 ಅಂದರೆ 221.

ಹಾಗಾದರೆ ಕಾಂಟ್ರಾಕ್ಟ್ ದಂಡವಾ? ಅಲ್ಲ. ಜಾಮ್ ಆದಾಗ ಸ್ಪಾಟ್ ರೇಟೂ ಸುಮ್ಮನೆ ಕೂರಲ್ಲ. ಡ್ರೂರಿ ಸಂಸ್ಥೆಯ ವಿಶ್ವ ಕಂಟೇನರ್ ಸೂಚ್ಯಂಕ ನಲವತ್ತು ಅಡಿ ಪೆಟ್ಟಿಗೆಗೆ 2019ರಲ್ಲಿ ಸರಾಸರಿ 1,420 ಡಾಲರ್ ಇತ್ತು, 2021ರ ಸೆಪ್ಟೆಂಬರಿನಲ್ಲಿ ಹತ್ತು ಸಾವಿರ ದಾಟಿತು. ಆ ಸೂಚ್ಯಂಕ ಶಾಂಘೈನಿಂದ ಅಮೆರಿಕ, ಯುರೋಪಿಗೆ ಹೋಗುವಂಥ ದೊಡ್ಡ ಮಾರ್ಗಗಳದ್ದು, ನಮ್ಮ ಮಾರ್ಗದ್ದಲ್ಲ. ಆದರೆ ಸ್ಪಾಟ್ ಎಷ್ಟು ಜಿಗಿಯಬಲ್ಲದು ಅನ್ನುವುದಕ್ಕೆ ಅದು ಸಾಕು.

ಕಾಂಟ್ರಾಕ್ಟಿಗೂ ಒಂದು ದೌರ್ಬಲ್ಯ ಇದೆ. ಸ್ಪಾಟ್ ಜಿಗಿದಾಗ ಹೆಚ್ಚು ಕೊಡುವವರ ಪೆಟ್ಟಿಗೆ ಹತ್ತಿಸಿ, ಕಾಂಟ್ರಾಕ್ಟ್ ಪೆಟ್ಟಿಗೆಯನ್ನು ಮುಂದಿನ ಹಡಗಿಗೆ ತಳ್ಳುವುದುಂಟು. ಇದಕ್ಕೆ ರೋಲ್ ಆಗೋದು ಅಂತಾರೆ. ಜೋಳಕ್ಕೆ ಇದು ಅಪಾಯ. ತೇವಾಂಶ ಶೇ. 14ಕ್ಕಿಂತ ಹೆಚ್ಚಿರುವ ಜೋಳ ಮುಚ್ಚಿದ ಡಬ್ಬಿಯಲ್ಲಿ ಕರಾವಳಿಯ ಸೆಕೆಗೆ ಬೆವರುತ್ತೆ, ಬೂಷ್ಟು ಹಿಡಿಯುತ್ತೆ. ಆಮೇಲೆ ಅಫ್ಲಾಟಾಕ್ಸಿನ್ ಪರೀಕ್ಷೆಯಲ್ಲಿ ಫೇಲಾದರೆ ಇಡೀ ಕಂಟೇನರ್ ಹೋಯಿತು. ಇನ್ನೊಂದು, ನಮ್ಮ ಕಡೆ ಜೋಳ ಬರುವುದು ಅಕ್ಟೋಬರಿನಿಂದ ಜನವರಿವರೆಗೆ ಒಟ್ಟಿಗೆ. ವರ್ಷಪೂರ್ತಿ ವಾರಕ್ಕಿಷ್ಟು ಅಂತ ಬರೆದುಕೊಟ್ಟರೆ ಜೂನ್‌ನಲ್ಲಿ ಪೆಟ್ಟಿಗೆ ತುಂಬಿಸಲು ಸರಕೇ ಇರಲ್ಲ.

ಹಾಗಾಗಿ ಸರಿಯಾದ ಹಾದಿ ಮಧ್ಯದಲ್ಲಿದೆ. ಸುಗ್ಗಿಯ ನಾಲ್ಕು ತಿಂಗಳಿಗೆ ಮಾತ್ರ, ಖಂಡಿತ ಕಳಿಸಬಲ್ಲ ಕನಿಷ್ಠ ಸಂಖ್ಯೆಗೆ ಕಾಂಟ್ರಾಕ್ಟ್ ಮಾಡಿ, ಮೇಲಿನದ್ದನ್ನು ಸ್ಪಾಟಿಗೆ ಬಿಡುವುದು. ಬಿಎಎಫ್ ಸೂತ್ರವನ್ನು ಒಪ್ಪಂದದಲ್ಲೇ ಬರೆಸಬೇಕು, ಏಕೆಂದರೆ ಅದನ್ನು ಎಣ್ಣೆಯ ಬೆಲೆ ನೋಡಿ ನಾವೇ ಪರೀಕ್ಷಿಸಬಹುದು. ಕಂಜೆಶನ್ನಿಗೆ ಗರಿಷ್ಠ ಮಿತಿ ಮತ್ತು ಕೊನೆಯ ದಿನಾಂಕ ಕೇಳಬೇಕು. ಸಣ್ಣ ರಫ್ತುದಾರನಿಗೆ ಇದನ್ನೆಲ್ಲ ಕೇಳುವ ಬಲ ಇರುವುದಿಲ್ಲ. ಅವನು ಫಾರ್ವರ್ಡರ್ ಮೂಲಕ ಸ್ಪಾಟ್ ತಗೊಳ್ತಾನೆ, ಅನಿಶ್ಚಿತತೆಗೆಂದು ಎಪಿಎಂಸಿಯಲ್ಲಿ ಒಂದಿಷ್ಟು ಕಡಿಮೆ ಕೂಗುತ್ತಾನೆ.

ಕೊನೆಗೆ ಎಲ್ಲ ಸೇರಿಸಿ ನೋಡೋಣ. ವಿಯೆಟ್ನಾಂ ಬೆಲೆ ಟನ್ನಿಗೆ 300 ಡಾಲರ್ ಅಂದುಕೊಂಡರೆ ಕ್ವಿಂಟಲ್‌ಗೆ 2,550 ರೂಪಾಯಿ. ಲಾರಿ, ಬಂದರು, ಲಾಭ ಎಲ್ಲಕ್ಕೂ 350 ಕಳೆಯಿರಿ. ಹಡಗಿಗೆ 186 ಕಳೆದರೆ ಉಳಿಯುವುದು 2,014. ಕಂಜೆಶನ್ ಸೇರಿ 221 ಕಳೆದರೆ 1,979. ಜಗಳೂರಿನಿಂದ 40 ಕ್ವಿಂಟಲ್ ತಂದ ರೈತನಿಗೆ ವ್ಯತ್ಯಾಸ 1,400 ರೂಪಾಯಿ. ಅವನು ಕೊಲಂಬೊ ಕಂಡವನಲ್ಲ.

ಆದರೆ ಈ ಲೆಕ್ಕ ಯಾವಾಗಲೂ ನಡೆಯಲ್ಲ. ರಫ್ತಿನ ರೇಟು ಒಂದು ನೆಲಗಟ್ಟು ಅಷ್ಟೇ. ದೇಶದೊಳಗಿನ ಕೋಳಿ ಆಹಾರ, ಸ್ಟಾರ್ಚ್, ಎಥನಾಲ್ ಕಾರ್ಖಾನೆಗಳು 2,200 ಕೊಡುತ್ತಿದ್ದರೆ 1,979 ಆಗಲಿ 2,014 ಆಗಲಿ, ಎರಡನ್ನೂ ಯಾರೂ ಕೇಳಲ್ಲ. ಎಥನಾಲ್ ಬೇಡಿಕೆ ಏರಿದ 2024ರಲ್ಲಿ ನಮ್ಮ ರಫ್ತು ಕುಸಿದದ್ದು ಇದೇ ಕಾರಣಕ್ಕೆ. ದೇಶದ ಬೇಡಿಕೆ ಇಳಿದ ವರ್ಷ ಮಾತ್ರ ಬೆಲೆ ಈ ನೆಲಗಟ್ಟಿಗೆ ಬಂದು ಕೂರುತ್ತೆ. ಆ ವರ್ಷ ದಾವಣಗೆರೆಯ ರೇಟು ಯಾಕೆ ಬಿತ್ತು ಅಂತ ಊರಲ್ಲಿ ಯಾರಾದರೂ ಕೇಳಿದರೆ ನಾವು ಮೊದಲು ನೋಡಬೇಕಾದ್ದು ಎರಡು: ಸಿಂಗಾಪುರದ ಎಣ್ಣೆ ಬೆಲೆ, ಮತ್ತು ಕೊಲಂಬೊದ ಹೊರಗೆ ಕಾಯುತ್ತಿರುವ ಹಡಗುಗಳ ಸಂಖ್ಯೆ.