ಶ್ರಾವಣ ಜುಲೈಗೋ, ಆಗಸ್ಟಿಗೋ?

2023ರಲ್ಲಿ ನಿಜ ಶ್ರಾವಣ ಶುರುವಾದದ್ದು ಆಗಸ್ಟ್ 17ಕ್ಕೆ, ಮುಗಿದದ್ದು ಸೆಪ್ಟೆಂಬರ್ 15ಕ್ಕೆ. ಮರುವರ್ಷ ಅದು ಆಗಸ್ಟ್ 5ಕ್ಕೇ ಬಂತು. 2025ರಲ್ಲಿ ಇನ್ನೂ ಮುಂಚೆ, ಜುಲೈ 25ಕ್ಕೆ ಬಂದು ಆಗಸ್ಟ್ 23ರ ಅಮಾವಾಸ್ಯೆಗೆ ಮುಗಿಯಿತು. 2026ರಲ್ಲಿ ಮತ್ತೆ ಆಗಸ್ಟ್ 13ಕ್ಕೆ ಸರಿಯುತ್ತದೆ. ಶಾಲೆಯ ಪುಸ್ತಕದಲ್ಲೂ ನಿಘಂಟಿನಲ್ಲೂ ಶ್ರಾವಣದ ಎದುರಿಗೆ ‘ಜುಲೈ–ಆಗಸ್ಟ್’ ಎಂದು ಬರೆದಿರುತ್ತದೆ. ಆದರೆ 2023ರ ನಿಜ ಶ್ರಾವಣದಲ್ಲಿ ಜುಲೈ ತಿಂಗಳ ಒಂದು ದಿನವೂ ಇರಲಿಲ್ಲ.

ಹಾಗೆಂದು ಚಾಂದ್ರಮಾಸಗಳು ಮನಸ್ಸಿಗೆ ಬಂದಂತೆ ಅಲೆಯುವುದಿಲ್ಲ. ಅವುಗಳ ಓಡಾಟಕ್ಕೊಂದು ಗಡಿ ಇದೆ. ಆ ಗಡಿ ಗೊತ್ತಾದರೆ ಯಾವ ವರ್ಷದ ಚೈತ್ರ ಎಲ್ಲಿ ಬೀಳುತ್ತದೆ, ಶ್ರಾವಣ ಎಲ್ಲಿ ಬೀಳುತ್ತದೆ ಎಂದು ಗೋಡೆಯ ಕ್ಯಾಲೆಂಡರ್ ಒಂದನ್ನೇ ಇಟ್ಟುಕೊಂಡು ಹೇಳಬಹುದು.

ಮೊದಲು ಓಡಾಟ ಏಕೆ ಎಂದು ನೋಡೋಣ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೂರ್ಯನ ಒಂದು ಸುತ್ತಿಗೆ 365 ದಿನ ಬೇಕು. ಹೀಗಾಗಿ ಪ್ರತಿ ವರ್ಷವೂ ಹನ್ನೊಂದು ದಿನದಷ್ಟು ಕೊರತೆ ಬೀಳುತ್ತದೆ. ಹಾಗೇ ಬಿಟ್ಟರೆ ಯುಗಾದಿ ಮಾರ್ಚಿನಿಂದ ಫೆಬ್ರವರಿಗೆ, ಅಲ್ಲಿಂದ ಜನವರಿಗೆ ಜಾರುತ್ತಾ ಹೋಗಬೇಕಿತ್ತು. ಹಾಗಾಗದಂತೆ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಲೆಕ್ಕವನ್ನು ಸರಿಪಡಿಸುತ್ತದೆ. ಎರಡು ವರ್ಷ ಹನ್ನೊಂದು ಹನ್ನೆರಡು ದಿನ ಹಿಂದಕ್ಕೆ ಬಂದ ಶ್ರಾವಣ 2026ರಲ್ಲಿ ಹತ್ತೊಂಬತ್ತು ದಿನ ಮುಂದಕ್ಕೆ ಹೋಗಲು ಆ ವರ್ಷದ ಅಧಿಕ ಜ್ಯೇಷ್ಠವೇ ಕಾರಣ.

ಅಧಿಕ ಮಾಸ ಯಾವಾಗ ಬರಬೇಕು ಎಂಬುದನ್ನು ಸೂರ್ಯ ನಿರ್ಧರಿಸುತ್ತಾನೆ. ಚೈತ್ರ, ವೈಶಾಖ ಎಂಬ ಹೆಸರುಗಳು ಹುಟ್ಟಿದ್ದು ಹುಣ್ಣಿಮೆಯ ಚಂದ್ರ ಚಿತ್ತಾ, ವಿಶಾಖಾ ನಕ್ಷತ್ರಗಳ ಬಳಿ ಕಾಣುವುದರಿಂದ. ಆದರೆ ಪಂಚಾಂಗ ಮಾಡುವವರು ಹೆಸರಿಡಲು ನೋಡುವುದು ಸಂಕ್ರಮಣವನ್ನು, ಅಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಗಳಿಗೆಯನ್ನು. ಎರಡು ಅಮಾವಾಸ್ಯೆಗಳ ನಡುವೆ ಮೇಷ ಸಂಕ್ರಮಣ ಬಿದ್ದರೆ ಆ ತಿಂಗಳು ಚೈತ್ರ. ವೃಷಭ ಸಂಕ್ರಮಣ ಬಿದ್ದರೆ ವೈಶಾಖ. ಸಿಂಹ ಸಂಕ್ರಮಣ ಬಿದ್ದರೆ ಶ್ರಾವಣ. ಯಾವ ಸಂಕ್ರಮಣವೂ ಬೀಳದಿದ್ದರೆ ಅದು ಅಧಿಕ ಮಾಸ, ಅದಕ್ಕೆ ಮುಂದಿನ ತಿಂಗಳ ಹೆಸರೇ ಸಲ್ಲುತ್ತದೆ.

ಇಲ್ಲಿಯೇ ಸಾಮಾನ್ಯ ಓದುಗರಿಗೆ ಒದಗುವ ಸುಲಭದ ದಾರಿ ಇದೆ. ಸಂಕ್ರಮಣ ಸೂರ್ಯನ ಲೆಕ್ಕ, ನಮ್ಮ ಗೋಡೆಯ ಕ್ಯಾಲೆಂಡರೂ ಸೂರ್ಯನ ಲೆಕ್ಕವೇ. ಮಕರ ಸಂಕ್ರಾಂತಿ ಪ್ರತಿ ವರ್ಷ ಜನವರಿ 14 ಅಥವಾ 15ಕ್ಕೆ ಬರುವ ಹಾಗೆಯೇ ಉಳಿದ ಹನ್ನೊಂದು ಸಂಕ್ರಮಣಗಳೂ ನಿಗದಿಯಾದ ತಾರೀಖುಗಳ ಆಸುಪಾಸಿನಲ್ಲೇ ಬರುತ್ತವೆ. ಹಗ್ಗದಲ್ಲಿ ಕಟ್ಟಿದ ಹಸು ಎತ್ತ ಮೇಯ್ದರೂ ಗೂಟವನ್ನು ಬಿಟ್ಟು ಹೋಗಲಾರದು. ಪ್ರತಿ ಚಾಂದ್ರಮಾಸಕ್ಕೂ ಅಂಥ ಒಂದು ಗೂಟದ ದಿನವಿದೆ. ತಿಂಗಳು ಹಿಂದೆ ಸರಿಯಲಿ, ಮುಂದೆ ಸರಿಯಲಿ, ಆ ದಿನವನ್ನು ತನ್ನೊಳಗೆ ಇಟ್ಟುಕೊಂಡೇ ಇರುತ್ತದೆ. ಆ ದಿನಗಳು ಇವು. ಕೆಲವು ವರ್ಷ ಒಂದು ದಿನ ಆಚೀಚೆ ಆಗಬಹುದು.

ಚೈತ್ರ – ಏಪ್ರಿಲ್ 14
ವೈಶಾಖ – ಮೇ 15
ಜ್ಯೇಷ್ಠ – ಜೂನ್ 15
ಆಷಾಢ – ಜುಲೈ 16
ಶ್ರಾವಣ – ಆಗಸ್ಟ್ 17
ಭಾದ್ರಪದ – ಸೆಪ್ಟೆಂಬರ್ 17
ಆಶ್ವಯುಜ – ಅಕ್ಟೋಬರ್ 17
ಕಾರ್ತಿಕ – ನವೆಂಬರ್ 16
ಮಾರ್ಗಶಿರ – ಡಿಸೆಂಬರ್ 16
ಪುಷ್ಯ – ಜನವರಿ 14
ಮಾಘ – ಫೆಬ್ರವರಿ 13
ಫಾಲ್ಗುಣ – ಮಾರ್ಚ್ 14

ಏಪ್ರಿಲ್ 14 ಚೈತ್ರದೊಳಗೇ ಇರಬೇಕು ಎಂದ ಮೇಲೆ ಯುಗಾದಿ ಮಾರ್ಚ್ ನಡುಭಾಗಕ್ಕಿಂತ ಮುಂಚೆ ಬರುವಂತಿಲ್ಲ, ಏಪ್ರಿಲ್ 14ನ್ನು ದಾಟುವಂತೆಯೂ ಇಲ್ಲ. 2018ರಲ್ಲಿ ಅದು ಮಾರ್ಚ್ 18ಕ್ಕೆ ಬಂದಿತ್ತು, 2021ರಲ್ಲಿ ಏಪ್ರಿಲ್ 13ಕ್ಕೆ. ಎರಡೂ ಆ ಗಡಿಯ ಎರಡು ತುದಿಗಳ ಹತ್ತಿರದವು. ಅದೇ ರೀತಿ ಶ್ರಾವಣ ಜುಲೈ 18ರ ಹೊತ್ತಿಗೂ ಶುರುವಾಗಬಹುದು, ಆಗಸ್ಟ್ 17ಕ್ಕೂ ಶುರುವಾಗಬಹುದು. ಹಾಗಾಗಿ ‘ಜುಲೈ–ಆಗಸ್ಟ್’ ಎಂಬುದು ಅರ್ಧ ಸತ್ಯ. ಎಲ್ಲ ವರ್ಷಕ್ಕೂ ಸಲ್ಲುವ ಮಾತೆಂದರೆ, ಶ್ರಾವಣ ಆಗಸ್ಟ್ ನಡುಭಾಗವನ್ನು ಎಂದೂ ತಪ್ಪಿಸಿಕೊಳ್ಳುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. 2027ರಲ್ಲಿ ವರಮಹಾಲಕ್ಷ್ಮಿ ವ್ರತ ಯಾವಾಗ? ಶ್ರಾವಣದ ಗೂಟದ ದಿನ ಆಗಸ್ಟ್ 17. ಅದಕ್ಕೂ ಹಿಂದಿನ ಅಮಾವಾಸ್ಯೆ ಆಗಸ್ಟ್ 2, ಸೋಮವಾರ. ಆ ದಿನ ಸೂರ್ಯಗ್ರಹಣವೂ ಇದೆ. ಸೂರ್ಯಗ್ರಹಣ ಅಮಾವಾಸ್ಯೆಗೆ ಹೊರತು ಬೇರೆ ದಿನ ಆಗುವುದಿಲ್ಲವಾದ್ದರಿಂದ ಸಂದೇಹಕ್ಕೆ ಎಡೆಯಿಲ್ಲ. ಅಂದಮೇಲೆ ಆಗಸ್ಟ್ 3 ಶ್ರಾವಣ ಶುದ್ಧ ಪಾಡ್ಯ. ಹುಣ್ಣಿಮೆ ಆಗಸ್ಟ್ 17ರ ಮಂಗಳವಾರ ಬೀಳುತ್ತದೆ. ವ್ರತ ಹುಣ್ಣಿಮೆಗೆ ಹಿಂದಿನ ಶುಕ್ರವಾರ, ಅಂದರೆ ಆಗಸ್ಟ್ 13. ಮುಂದಿನ ಅಮಾವಾಸ್ಯೆ ಆಗಸ್ಟ್ 31ಕ್ಕೆ ಮುಗಿದು ಸೆಪ್ಟೆಂಬರ್ 1ಕ್ಕೆ ಭಾದ್ರಪದ ಹುಟ್ಟುತ್ತದೆ. ಚೌತಿಯ ಗಣಪ ಬರುವುದು ಸೆಪ್ಟೆಂಬರ್ 4ಕ್ಕೆ. ಇಷ್ಟಕ್ಕೆ ಬೇಕಾದದ್ದು ಒಂದು ಗೂಟದ ದಿನ ಮತ್ತು ಅಮಾವಾಸ್ಯೆಯನ್ನು ಗುರುತಿಸಿದ ಕ್ಯಾಲೆಂಡರ್ ಮಾತ್ರ.

ಈ ಲೆಕ್ಕ ಎಡವುವುದು ಅಮಾವಾಸ್ಯೆ ಗೂಟದ ದಿನದ ಹತ್ತಿರಕ್ಕೇ ಬಂದಾಗ. 2023ರಲ್ಲಿ ಆದದ್ದು ಅದೇ. ಆ ವರ್ಷ ಕರ್ಕಾಟಕ ಸಂಕ್ರಮಣ ಜುಲೈ 17ರ ಬೆಳಗಿನ ಜಾವ ಆಯಿತು. ಅಮಾವಾಸ್ಯೆ ಮುಗಿದದ್ದು ಅದೇ ದಿನ ನಡುರಾತ್ರಿಯ ಹೊತ್ತಿಗೆ. ಒಂದು ದಿನಕ್ಕೂ ಕಡಿಮೆ ಅಂತರದಲ್ಲಿ ಆ ಸಂಕ್ರಮಣ ಆಷಾಢದ ಪಾಲಿಗೆ ಹೋಯಿತು. ಮುಂದಿನ ಅಮಾವಾಸ್ಯೆ ಆಗಸ್ಟ್ 16ರ ಮಧ್ಯಾಹ್ನ ಮುಗಿಯಿತು, ಸಿಂಹ ಸಂಕ್ರಮಣ ಬಂದದ್ದು ಆಗಸ್ಟ್ 17ರ ಮಧ್ಯಾಹ್ನ. ನಡುವೆ ಉಳಿದ ತಿಂಗಳಿಗೆ ಯಾವ ಸಂಕ್ರಮಣವೂ ಸಿಗಲಿಲ್ಲ. ಅದು ಅಧಿಕ ಶ್ರಾವಣವಾಯಿತು, ಹಬ್ಬ ಹರಿದಿನಗಳೆಲ್ಲ ಮುಂದಿನ ನಿಜ ಶ್ರಾವಣಕ್ಕೆ ಸರಿದವು. ಇಂಥ ಕಡೆ ತಾರೀಖು ಸಾಲದು, ಗಂಟೆ ನಿಮಿಷ ಬೇಕು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯೂ ಸಂಕ್ರಮಣವೂ ಒಂದೆರಡು ದಿನದೊಳಗೆ ಕಂಡರೆ ಪಂಚಾಂಗವನ್ನು ತೆರೆಯುವುದೇ ಸರಿ.

ಮೇಲಿನ ಪಟ್ಟಿಯಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಜುಲೈ 16ರಿಂದ ಆಗಸ್ಟ್ 17ಕ್ಕೆ ಮೂವತ್ತೊಂದು ದಿನ ದಾಟುತ್ತದೆ. ಡಿಸೆಂಬರ್ 16ರಿಂದ ಜನವರಿ 14ಕ್ಕೆ ಇಪ್ಪತ್ತೊಂಬತ್ತೇ ದಿನ. ಜನವರಿಯ ಆರಂಭದಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಸಾಗುತ್ತದೆ, ಜುಲೈ ಆರಂಭದಲ್ಲಿ ದೂರವಿದ್ದು ನಿಧಾನವಾಗುತ್ತದೆ. ಸಂಕ್ರಮಣಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಅವುಗಳ ಮಧ್ಯೆ ಇಡೀ ಚಾಂದ್ರಮಾಸವೊಂದು ನುಸುಳುವ ಸಾಧ್ಯತೆ ಹೆಚ್ಚು. 2018ರಲ್ಲಿ ಜ್ಯೇಷ್ಠ, 2020ರಲ್ಲಿ ಆಶ್ವಯುಜ, 2023ರಲ್ಲಿ ಶ್ರಾವಣ, 2026ರಲ್ಲಿ ಮತ್ತೆ ಜ್ಯೇಷ್ಠ ಅಧಿಕವಾಗಿ ಬರುವುದೂ, ಚಳಿಗಾಲದ ಮಾಸಗಳಿಗೆ ಆ ಸರದಿ ಅಪರೂಪವಾಗಿರುವುದೂ ಇದರಿಂದಲೇ.

ಇಷ್ಟೂ ಹೇಳಿದ್ದು ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ನಡೆಯುವ ಅಮಾಂತ ಪದ್ಧತಿಗೆ, ಅಂದರೆ ಅಮಾವಾಸ್ಯೆಗೆ ಮುಗಿಯುವ ತಿಂಗಳಿಗೆ. ಉತ್ತರ ಭಾರತದ ಬಹುಭಾಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಶುಕ್ಲಪಕ್ಷದ ಹೆಸರು ಎರಡೂ ಕಡೆ ಒಂದೇ. ಕೃಷ್ಣಪಕ್ಷಕ್ಕೆ ಮಾತ್ರ ಅವರದು ಒಂದು ತಿಂಗಳು ಮುಂದಿನ ಹೆಸರು. ನಮ್ಮ ಶ್ರಾವಣ ಬಹುಳ ಅಷ್ಟಮಿ ಕಾಶಿಯಲ್ಲಿ ಭಾದ್ರಪದ ಕೃಷ್ಣ ಅಷ್ಟಮಿ. ದಿನ ಒಂದೇ, ಜನ್ಮಾಷ್ಟಮಿಯೂ ಒಂದೇ. ಆದರೆ ಅಲ್ಲಿ ಶ್ರಾವಣ ನಮಗಿಂತ ಹದಿನೈದು ದಿನ ಮುಂಚೆ ಶುರು. 2025ರಲ್ಲಿ ಜುಲೈ 11ಕ್ಕೇ ಆಗಿತ್ತು. ದೆಹಲಿಯಲ್ಲೋ ಲಖನೌದಲ್ಲೋ ನೆಲೆಸಿದ ಕನ್ನಡಿಗರು ಸುತ್ತಲಿನವರು ಶ್ರಾವಣ ಸೋಮವಾರ ಆಚರಿಸುವಾಗ ಮನೆಯ ಪಂಚಾಂಗದಲ್ಲಿ ಇನ್ನೂ ಆಷಾಢವನ್ನೇ ಕಾಣುವುದು ಹೀಗೆ.

ಕರ್ನಾಟಕದೊಳಗೇ ಎರಡು ಲೆಕ್ಕಗಳು ಎದುರಾಗುವ ಜಾಗ ಕರಾವಳಿ. ತುಳುನಾಡಿನ ಆಟಿ, ಸೋಣ ಸೌರಮಾಸಗಳು. ಆಟಿ ಕರ್ಕಾಟಕ ಸಂಕ್ರಮಣದಿಂದ ಸಿಂಹ ಸಂಕ್ರಮಣದವರೆಗಿನ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಪ್ರತಿ ವರ್ಷವೂ ಅಷ್ಟೇ. ಅದನ್ನು ಆಷಾಢವೆಂದು ಕರೆಯುವ ರೂಢಿಯಿದ್ದರೂ ಎರಡೂ ಜೊತೆಗೇ ಶುರುವಾಗಿ ಜೊತೆಗೇ ಮುಗಿಯುವುದಿಲ್ಲ. ಉಡುಪಿಯ ಕೃಷ್ಣಮಠದಲ್ಲಿ ಜನ್ಮಾಷ್ಟಮಿಯನ್ನು ಸೌರಮಾನದ ಸಿಂಹ ಮಾಸದಲ್ಲಿ ಆಚರಿಸುತ್ತಾರೆ. 2025ರಲ್ಲಿ ಶ್ರಾವಣ ಬಹುಳ ಅಷ್ಟಮಿ ಆಗಸ್ಟ್ 16ಕ್ಕೆ ಬಂತು, ಸಿಂಹ ಮಾಸ ಹುಟ್ಟಿದ್ದು ಮರುದಿನ. ಹಾಗಾಗಿ ಬೆಂಗಳೂರಿನಲ್ಲಿ ಆಗಸ್ಟ್ 16ಕ್ಕೆ ಹಬ್ಬ ಮುಗಿದರೂ ಉಡುಪಿಯಲ್ಲಿ ಮುಂದಿನ ಕೃಷ್ಣಾಷ್ಟಮಿಯವರೆಗೆ, ಸೆಪ್ಟೆಂಬರ್ 14ರವರೆಗೆ ಕಾಯಬೇಕಾಯಿತು.

ಮೂರನೆಯದೊಂದು ಶ್ರಾವಣ ಸರ್ಕಾರಿ ಗೆಜೆಟ್‌ನಲ್ಲಿದೆ. ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗದಲ್ಲಿ ಹೆಸರುಗಳು ಹಳೆಯವೇ, ಚಂದ್ರನ ಸಂಬಂಧ ಮಾತ್ರ ಇಲ್ಲ. ಅಲ್ಲಿ ಚೈತ್ರ 1 ಎಂದರೆ ಮಾರ್ಚ್ 22, ಅಧಿಕ ವರ್ಷದಲ್ಲಿ ಮಾರ್ಚ್ 21. ಶ್ರಾವಣ 1 ಎಂದೆಂದೂ ಜುಲೈ 23. ಗೆಜೆಟ್‌ನ ‘ಶ್ರಾವಣ 5’ ಎಂಬುದನ್ನು ಶ್ರಾವಣ ಪಂಚಮಿ ಎಂದು ಓದಿದರೆ ತಪ್ಪಾಗುತ್ತದೆ.

ಶಾಸನ ಓದುವವರು ಇನ್ನೊಂದು ಎಚ್ಚರ ವಹಿಸಬೇಕು. ನಕ್ಷತ್ರಗಳನ್ನು ನೆಚ್ಚಿದ ಸೌರವರ್ಷ ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಇದರಿಂದ ಎಪ್ಪತ್ತು ವರ್ಷಕ್ಕೆ ಒಂದು ದಿನದಷ್ಟು ಎಲ್ಲ ಸಂಕ್ರಮಣಗಳೂ ಮುಂದಕ್ಕೆ ಸರಿಯುತ್ತವೆ. ಕ್ರಿ.ಶ. 1000ದ ಹೊತ್ತಿನಲ್ಲಿ ಮೇಷ ಸಂಕ್ರಮಣ, ಇತಿಹಾಸಕಾರರು ಆ ಕಾಲಕ್ಕೆ ಬಳಸುವ ಜೂಲಿಯನ್ ಕ್ಯಾಲೆಂಡರಿನ ಪ್ರಕಾರ, ಮಾರ್ಚ್ 23ರ ಆಸುಪಾಸಿಗೆ ಬೀಳುತ್ತಿತ್ತು. ಆಗಿನ ಚೈತ್ರ ಫೆಬ್ರವರಿ ಕೊನೆಯ ವಾರದಲ್ಲೇ ಶುರುವಾಗುವ ವರ್ಷಗಳಿದ್ದವು. ಕಲ್ಯಾಣದ ಚಾಲುಕ್ಯರ ಕಾಲದ ಕಲ್ಲಿನ ಮೇಲೆ ‘ಚೈತ್ರ ಶುದ್ಧ’ ಎಂದಿದ್ದರೆ ಇಂದಿನ ಪಟ್ಟಿ ಹಿಡಿದು ಏಪ್ರಿಲ್ ಎಂದು ಬರೆಯುವಂತಿಲ್ಲ. 1896ರಲ್ಲಿ ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಪ್ರಕಟಿಸಿದ ಕೋಷ್ಟಕಗಳು ಈ ಕೆಲಸಕ್ಕಾಗಿಯೇ ಸಿದ್ಧವಾದವು. ಅವುಗಳಿಂದ ತಾರೀಖು ತೆಗೆದ ಮೇಲೆ ಶಾಸನದಲ್ಲಿ ಕೊಟ್ಟ ವಾರಕ್ಕೆ ಅದು ಹೊಂದುತ್ತದೆಯೇ ಎಂದು ನೋಡುತ್ತಾರೆ. ಕಲ್ಲಿನಲ್ಲಿ ಸೋಮವಾರ ಎಂದಿದ್ದು ಲೆಕ್ಕದಲ್ಲಿ ಬುಧವಾರ ಬಂದರೆ ಆ ವರ್ಷ ಅಧಿಕ ಮಾಸವಿತ್ತೇ, ಶಕವರ್ಷವನ್ನು ಒಂದು ಹೆಚ್ಚಾಗಿ ಎಣಿಸಿದೆಯೇ ಎಂದು ಮತ್ತೆ ಮೊದಲಿನಿಂದ ಪರಿಶೀಲಿಸುತ್ತಾರೆ.