ಫೋಟೋದಲ್ಲಿರುವುದು ಯಾವ ಚೆಂಡು?

ಪೇಪರಿನಲ್ಲಿ ಕೆಂಪು ಚೆಂಡಿನ ಫೋಟೋ ಬಂದಿದೆ. "ಅಮ್ಮಾ, ಇದೇ ಬೇಕು" ಅಂತಾನೆ ಮಗ. ಇದು ಗಟ್ಟಿ ಚೆಂಡೋ, ಮೆತ್ತನೆಯದೋ? ತಲೆಗೆ ಬಡಿದರೆ ಏನು ಗತಿ? ಬಣ್ಣ ನೋಡಿ ಹೇಳಲಾಗದು. ಟೆನಿಸ್ ಚೆಂಡೂ ಕೆಂಪು ಬಣ್ಣದಲ್ಲಿ ಸಿಗುತ್ತೆ.

ಮೊದಲು ಹೊಲಿಗೆ ಹುಡುಕಿ. ಕ್ರಿಕೆಟ್ ಚೆಂಡಿನ ಹೊದಿಕೆ ಚರ್ಮದ್ದು. ಅದರ ನಡುವಿನಲ್ಲಿ ಸುತ್ತಲೂ ನೇರವಾಗಿ ಹೊಲಿಗೆಯ ಸಾಲುಗಳಿವೆ. ದಾರ ಉಬ್ಬಿ ನಿಂತಿರುತ್ತೆ. ಪಕ್ಕದಲ್ಲಿ ಸಣ್ಣ ನೆರಳು ಕಾಣುತ್ತೆ. ಬಟ್ಟೆ ಹೊಲಿಯುವ ಕಣ್ಣಿಗೆ ಇದು ಬೇಗ ಗೊತ್ತಾಗುತ್ತೆ.

ಕೆಲವು ರಬ್ಬರ್ ಚೆಂಡಿನ ಮೇಲೂ ಹೊಲಿಗೆಯ ಅಚ್ಚು ಇರುತ್ತೆ. ಮೋಸ ಹೋಗಬೇಡಿ. ಅಲ್ಲಿ ದಾರದ ಎಳೆ ಬಿಡಿಬಿಡಿಯಾಗಿ ಕಾಣದು. ಎಲ್ಲಾ ಒಂದೇ ರಬ್ಬರು.

ಟೆನಿಸ್ ಚೆಂಡಿನ ಮೈ ಕಂಬಳಿ ಹಾಗೆ ಜುಂಗುಜುಂಗು. ಅದರಲ್ಲಿ ಗೆರೆ ಇದೆ, ಹೊಲಿಗೆ ಇಲ್ಲ. ಆ ಗೆರೆ ನೇರ ಹೋಗದೆ ಬಳುಕುತ್ತಾ ಹೋಗುತ್ತೆ. ತೂಕ 60 ಗ್ರಾಂಗಿಂತ ಕಡಿಮೆ. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ.

ಹಾಕಿ ಚೆಂಡೂ ಅಷ್ಟೇ ಭಾರ, ಅಷ್ಟೇ ಗಟ್ಟಿ. ಹೆಚ್ಚಾಗಿ ಬಿಳಿ. ಪ್ಲಾಸ್ಟಿಕ್ ಮೈ ತುಂಬ ಸಣ್ಣ ಕುಳಿಗಳಿದ್ದರೆ ಅದೇ ಇರಬಹುದು. ಕುಳಿ ಇಲ್ಲದೆ ನುಣ್ಣಗಿದ್ದರೆ ಮಾತ್ರ ಕಷ್ಟ. ನುಣ್ಣನೆಯ ರಬ್ಬರ್ ಚೆಂಡೂ ಫೋಟೋದಲ್ಲಿ ಹಾಗೇ ಕಾಣುತ್ತೆ. ಆಗ ಅಂಗಡಿಗೇ ಹೋಗಿ, ಹೆಬ್ಬೆರಳಿನಿಂದ ಒತ್ತಿ ನೋಡಿ.